ಸಗಟು ಗಿರಾಕಿಗಳಿಗೊಂದು ಸುತ್ತೋಲೆ

ಒಂದೇ ವಿಷಯವನ್ನು ಅನೇಕ ಗಿರಾಕಿಗಳಿಗೆ ಏಕಕಾಲದಲ್ಲಿ ತಿಳಿಸಲು ವರ್ತಕರು ಬರೆಯುವ ಪತ್ರವೇ ಸುತ್ತೋಲೆ. ಮೈಸೂರಿನ ಸಣ್ಣ ಊದುಬತ್ತಿ ತಯಾರಕರೊಬ್ಬರು ತಮ್ಮ ಸಗಟು ವ್ಯಾಪಾರಿಗಳಿಗೆ ಎರಡು ಬದಲಾವಣೆಗಳನ್ನು ತಿಳಿಸಬೇಕಾಗಿದೆ ಎಂದು ಭಾವಿಸಬಹುದು. ಜೂನ್ 1ರಿಂದ ಬೇಡಿಕೆಯನ್ನು ದೂರವಾಣಿಯ ಬದಲು ಜಾಲತಾಣದ ಮೂಲಕ ಸಲ್ಲಿಸಬೇಕು. ಬಿಲ್ಲಿನ ದಿನದಿಂದ 60 ದಿನಗಳಿದ್ದ ಪಾವತಿಯ ವಾಯಿದೆಯು ಇನ್ನು ಮುಂದೆ ಸರಕು ತಲುಪಿದ ದಿನದಿಂದ 45 ದಿನಗಳಾಗುತ್ತದೆ.

ಬೇಡಿಕೆ ಸಲ್ಲಿಸುವ ಕ್ರಮವನ್ನು ಪತ್ರವು ಮೊದಲು ವಿವರಿಸಬೇಕು. ವ್ಯಾಪಾರಿಯು ತನಗೆ ಕೊಟ್ಟ ಗಿರಾಕಿ ಸಂಖ್ಯೆ ಮತ್ತು ಗುಪ್ತಪದದಿಂದ ಜಾಲತಾಣವನ್ನು ಪ್ರವೇಶಿಸಿ, ಸರಕನ್ನು ಆರಿಸಿ, ಪ್ರಮಾಣವನ್ನು ನಮೂದಿಸಬೇಕು. ಬಳಿಕ ವಿಳಾಸವನ್ನೂ ಜಿ.ಎಸ್.ಟಿ. ಸಂಖ್ಯೆಯನ್ನೂ ಪರಿಶೀಲಿಸಿ ಒಪ್ಪಿಗೆ ನೀಡಬೇಕು. ಬೇಡಿಕೆಯ ಸಂಖ್ಯೆ ದೊರೆತ ಮೇಲೆಯೇ ಅದು ದಾಖಲಾದಂತೆ. ತಪ್ಪು ಸಂಭವಿಸುವುದು ಹೆಚ್ಚಾಗಿ ಪ್ರಮಾಣದಲ್ಲಿ. ಒಂದು ಪೆಟ್ಟಿಗೆಯಲ್ಲಿ 144 ಪೊಟ್ಟಣಗಳಿದ್ದು, ಎರಡು ಪೆಟ್ಟಿಗೆ ಬೇಕಾದವನು 288 ಎಂದು ಬರೆದರೆ 288 ಪೆಟ್ಟಿಗೆಗಳ ಬೇಡಿಕೆಯಾಗುತ್ತದೆ. ಆದುದರಿಂದ ಅಂಕಿಯು ಪೆಟ್ಟಿಗೆಗಳದೆಂದು ಪತ್ರವು ಸ್ಪಷ್ಟಪಡಿಸಬೇಕು. ಒಪ್ಪಿಗೆಗೆ ಮೊದಲು ಒಟ್ಟು ಮೊತ್ತವನ್ನು ನೋಡಿದರೆ ತಪ್ಪು ತಾನಾಗಿಯೇ ಕಾಣುತ್ತದೆ.

ವಾಯಿದೆಯನ್ನು ಬದಲಿಸಲು ಕಾರಣವುಂಟು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಎಷ್ಟೇ ಪರಸ್ಪರ ಒಪ್ಪಿಗೆಯಿದ್ದರೂ 45 ದಿನಗಳಿಗಿಂತ ಹೆಚ್ಚು ತಡೆಯಬಾರದೆಂದು 2006ರ ಕೇಂದ್ರ ಕಾಯಿದೆಯು ವಿಧಿಸಿದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯನ್ನು ಕೊಡಬೇಕಾಗುತ್ತದೆ. ತಯಾರಕರು ಉದ್ಯಮ್ ನೋಂದಣಿ ಪಡೆದಿದ್ದಲ್ಲಿ ಅದರ ಸಂಖ್ಯೆಯನ್ನು ಪತ್ರದಲ್ಲಿ ಕಾಣಿಸುವುದು ಇದೇ ಕಾರಣಕ್ಕೆ.

ದಿನಗಳನ್ನು ಎಣಿಸುವ ರೀತಿಯನ್ನು ಉದಾಹರಣೆಯಿಂದ ತಿಳಿಸುವುದು ಲೇಸು. ಜೂನ್ 5ರಂದು ಬಿಲ್ಲು ಮಾಡಿದ ಸರಕು ಜೂನ್ 8ರಂದು ಹುಬ್ಬಳ್ಳಿಯ ಅಂಗಡಿಗೆ ತಲುಪಿತೆನ್ನೋಣ. ಹಳೆಯ ಪದ್ಧತಿಯಲ್ಲಿ ಕೊನೆಯ ದಿನ ಆಗಸ್ಟ್ 4. ಹೊಸ ಪದ್ಧತಿಯಲ್ಲಿ ಜುಲೈ 23. ಸರಕು ಕೆಟ್ಟಿದ್ದರೆ ವ್ಯಾಪಾರಿಯು ಅದು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಆಗ ತಯಾರಕರು ಆ ಕೊರತೆಯನ್ನು ಸರಿಪಡಿಸಿದ ದಿನದಿಂದ ಎಣಿಕೆ ಆರಂಭವಾಗುತ್ತದೆ. ಬಾಯಿಮಾತಿನ ದೂರಿಗೆ ಈ ಬಲವಿಲ್ಲ.

ಇನ್ನೊಂದು ಅಂಶವನ್ನು ಅನೇಕರು ಗಮನಿಸುವುದಿಲ್ಲ. 45 ದಿನಗಳ ಅವಕಾಶವು ಉಭಯತರ ನಡುವೆ ಲಿಖಿತ ಒಪ್ಪಂದವಿದ್ದಾಗ ಮಾತ್ರ ದೊರೆಯುತ್ತದೆ. ಒಪ್ಪಂದವಿಲ್ಲದಿದ್ದರೆ ಕಾಯಿದೆಯು ಕೊಡುವುದು 15 ದಿನಗಳನ್ನಷ್ಟೆ. ಮೇಲಿನ ಉದಾಹರಣೆಯಲ್ಲಿ ಕೊನೆಯ ದಿನವು ಜೂನ್ 23 ಆಗುತ್ತದೆ. ತಯಾರಕರೊಬ್ಬರೇ ಸಹಿ ಮಾಡಿ ಕಳುಹಿಸಿದ ಸುತ್ತೋಲೆಯು ಕೇವಲ ತಿಳಿವಳಿಕೆ ಪತ್ರ. ಆದುದರಿಂದ ಪತ್ರದ ಎರಡು ಪ್ರತಿಗಳನ್ನು ಕಳುಹಿಸಿ, ಒಂದಕ್ಕೆ ವ್ಯಾಪಾರಿಯ ಸಹಿ ಪಡೆದು ಮರಳಿ ತರಿಸಿಕೊಳ್ಳಬೇಕು. ಆ ಸಹಿಯು ವ್ಯಾಪಾರಿಗೆ ಮೂವತ್ತು ದಿನಗಳ ಹೆಚ್ಚಿನ ಕಾಲಾವಕಾಶವನ್ನೂ, ತಯಾರಕರಿಗೆ ಹಣ ಕೇಳಲು ಖಚಿತವಾದ ದಿನವನ್ನೂ ಒದಗಿಸುತ್ತದೆ.