ಗೇಮ್‌ಗೆ ಕೊಟ್ಟ ಹಣಕ್ಕೆ ಕೈಗೆ ಬರುವುದೇನು

ದೊಡ್ಡ ವಿಡಿಯೊ ಗೇಮ್ ಒಂದನ್ನು ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ಒಂದೇ ಹೆಸರಿನಡಿ ನಾಲ್ಕೈದು ಬೆಲೆಗಳು ಕಾಣುತ್ತವೆ. ಬರೀ ಗೇಮ್‌ಗೆ ಒಂದು ಬೆಲೆ, ಅದಕ್ಕೆ ಸೇರುವ ಡಿಎಲ್‌ಸಿಗೆ ಇನ್ನೊಂದು, ಸೀಸನ್ ಪಾಸ್‌ಗೆ ಮತ್ತೊಂದು, ಎಲ್ಲವನ್ನೂ ಸೇರಿಸಿದ ಅಲ್ಟಿಮೇಟ್ ಎಡಿಷನ್‌ಗೆ ಮಗದೊಂದು. ಕೆಲವು ಗೇಮ್‌ಗಳ ಮೇಲೆ ‘ಅರ್ಲಿ ಆ್ಯಕ್ಸೆಸ್’ ಎಂಬ ನೀಲಿ ಪಟ್ಟಿಯೂ ಇರುತ್ತದೆ. ಹಣ ಕಟ್ಟಿದ ದಿನ ಸರಕು ಯಾವ ಸ್ಥಿತಿಯಲ್ಲಿದೆ ಎಂಬುದರಲ್ಲಿ ಇವುಗಳ ನಿಜವಾದ ವ್ಯತ್ಯಾಸ ಅಡಗಿದೆ. ಡಿಎಲ್‌ಸಿ ಸಾಮಾನ್ಯವಾಗಿ ಸಿದ್ಧವಾದ ಸರಕು. ಸೀಸನ್ ಪಾಸ್‌ನಲ್ಲಿ ಮುಂದೆ ಬರಲಿರುವ ಸರಕಿಗೆ ಈಗಲೇ ಹಣ ಕೊಡಲಾಗುತ್ತದೆ. ಅರ್ಲಿ ಆ್ಯಕ್ಸೆಸ್‌ನಲ್ಲಿ ಸಿಗುವುದು ಅರ್ಧ ಕಟ್ಟಿದ ಗೇಮ್. ಉಳಿದರ್ಧ ಬಂದೇ ಬರುತ್ತದೆ ಎಂಬ ಖಾತರಿ ಇರುವುದಿಲ್ಲ.

ಡಿಎಲ್‌ಸಿ ಎಂದರೆ ಮೂಲ ಗೇಮ್‌ಗೆ ಆಮೇಲೆ ಸೇರುವ, ಬೇರೆಯಾಗಿ ಬೆಲೆ ಕಟ್ಟಿದ ಭಾಗ. ಅದರ ಗಾತ್ರಕ್ಕೆ ಯಾವ ಅಳತೆಯೂ ಇಲ್ಲ. 2006ರಲ್ಲಿ ‘ಆಬ್ಲಿವಿಯನ್’ ಗೇಮ್‌ನ ಕುದುರೆಗೆ ತೊಡಿಸುವ ಕವಚವನ್ನು ಸುಮಾರು ಎರಡೂವರೆ ಡಾಲರಿಗೆ ಮಾರಲಾಯಿತು. ಹತ್ತು ವರ್ಷಗಳ ನಂತರ ಬಂದ ‘ವಿಚರ್ 3’ರ ‘ಬ್ಲಡ್ ಆ್ಯಂಡ್ ವೈನ್’ ಇಪ್ಪತ್ತು ಗಂಟೆಯಷ್ಟು ಆಡಬಹುದಾದ ಹೊಸ ಪ್ರದೇಶ, ಹೊಸ ಕಥೆ. ಅಂಗಡಿಯ ಪುಟದಲ್ಲಿ ಎರಡಕ್ಕೂ ಡಿಎಲ್‌ಸಿ ಎಂಬ ಒಂದೇ ಹೆಸರು. ಹಾಗಾಗಿ ಒಳಗೆ ಏನಿದೆ ಎಂಬ ವಿವರವನ್ನು ಓದದೆ ಬೆಲೆ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸಲಾಗದು.

ಡಿಎಲ್‌ಸಿ ಕೊಂಡವರಿಗೆ ಸಿಗುವುದು ಬಳಸುವ ಪರವಾನಗಿ. ಅದು ಕೊಂಡವರ ಖಾತೆಗೆ ಅಂಟಿಕೊಂಡಿರುತ್ತದೆ, ಮೂಲ ಗೇಮ್ ಇಲ್ಲದಿದ್ದರೆ ಕೆಲಸಕ್ಕೆ ಬರುವುದಿಲ್ಲ. ಸ್ಟೀಮ್‌ನಲ್ಲಿ ಕೊಂಡದ್ದು ಸಾಮಾನ್ಯವಾಗಿ ಪ್ಲೇಸ್ಟೇಷನ್‌ನಲ್ಲಿ ನಡೆಯುವುದಿಲ್ಲ. ಕೆಲವು ಗೇಮ್‌ಗಳಲ್ಲಿ ಡಿಎಲ್‌ಸಿಯ ಕಡತಗಳು ಉಚಿತ ಅಪ್‌ಡೇಟ್ ಜೊತೆಗೇ ಎಲ್ಲರ ಕಂಪ್ಯೂಟರಿಗೂ ಬಂದು ಕುಳಿತಿರುತ್ತವೆ. ಹಣ ಕೊಟ್ಟಾಗ ಆಗುವುದು ಬೀಗ ತೆರೆಯುವುದಷ್ಟೇ. ಇಷ್ಟೆಲ್ಲ ಮಿತಿಗಳಿದ್ದರೂ ಡಿಎಲ್‌ಸಿಯಲ್ಲಿ ಕೊಳ್ಳುವವರ ಪಾಲಿಗೆ ದೊಡ್ಡ ಅನುಕೂಲವೊಂದಿದೆ. ಅದು ಆಗಲೇ ಹೊರಬಂದಿರುತ್ತದೆ, ಆಡಿದವರ ಅಭಿಪ್ರಾಯ ಅದೇ ಪುಟದಲ್ಲಿರುತ್ತದೆ. ಚೆನ್ನಾಗಿಲ್ಲದಿದ್ದರೆ ಕೊಳ್ಳದೆ ಬಿಡಬಹುದು.

ಸೀಸನ್ ಪಾಸ್ ಈ ಅನುಕೂಲವನ್ನೇ ಬಿಟ್ಟುಕೊಡುವ ವ್ಯವಹಾರ. ಮುಂದಿನ ತಿಂಗಳುಗಳಲ್ಲಿ ಬರಲಿರುವ ಕೆಲವು ಡಿಎಲ್‌ಸಿಗಳಿಗೆ ಒಟ್ಟಾಗಿ, ಮುಂಚಿತವಾಗಿ ಹಣ ಕಟ್ಟಬೇಕು. ಪ್ರತಿಯಾಗಿ ಬೆಲೆಯಲ್ಲಿ ಸ್ವಲ್ಪ ಕಡಿತ ಸಿಗುತ್ತದೆ. ಆ ಕಡಿತ ಎಷ್ಟೆಂದು ತಿಳಿಯಲು ವಿಚರ್ 3ರ ಪಾಸನ್ನೇ ನೋಡಬಹುದು. ಗೇಮ್ ಬಿಡುಗಡೆಗೂ ಮುಂಚೆ, 2015ರ ಏಪ್ರಿಲ್‌ನಲ್ಲಿ, ಅದರ ಬೆಲೆಯನ್ನು 24.99 ಡಾಲರ್ ಎಂದು ಪ್ರಕಟಿಸಲಾಯಿತು. ಅದರೊಳಗಿದ್ದವು ಎರಡು ವಿಸ್ತರಣೆಗಳು. 9.99 ಡಾಲರಿನ ‘ಹಾರ್ಟ್ಸ್ ಆಫ್ ಸ್ಟೋನ್’ 2015ರ ಅಕ್ಟೋಬರ್‌ನಲ್ಲಿ ಬಂತು, 19.99 ಡಾಲರಿನ ಬ್ಲಡ್ ಆ್ಯಂಡ್ ವೈನ್ 2016ರ ಮೇ ಕೊನೆಗೆ ಬಂತು. ಬಿಡಿಬಿಡಿಯಾಗಿ ಕೊಂಡರೆ ಸುಮಾರು 30 ಡಾಲರ್. ಅಂದರೆ ಒಂದು ವರ್ಷಕ್ಕೂ ಮುಂಚೆ ಹಣ ಕಟ್ಟಿದ್ದಕ್ಕೆ ಉಳಿದದ್ದು ಐದು ಡಾಲರ್. ಇಲ್ಲಿ ಕೊಟ್ಟ ಮಾತು ಪೂರ್ತಿ ನೆರವೇರಿತು, ಎರಡು ವಿಸ್ತರಣೆಗಳೂ ಮೆಚ್ಚುಗೆ ಪಡೆದವು. ಪಾಸ್‌ನ ವ್ಯವಹಾರ ಅತ್ಯುತ್ತಮವಾಗಿ ನಡೆದರೆ ಕೊಳ್ಳುವವರಿಗಾಗುವ ಲಾಭ ಹೆಚ್ಚುಕಡಿಮೆ ಇಷ್ಟು.

ನಡೆಯದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ‘ಸಿಟೀಸ್: ಸ್ಕೈಲೈನ್ಸ್ 2’ ಒಳ್ಳೆಯ ಉದಾಹರಣೆ. ನಗರ ಕಟ್ಟುವ ಈ ಗೇಮ್ 2023ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದಾಗ ಬರೀ ಗೇಮ್‌ಗೆ 49.99 ಡಾಲರ್, ಅಲ್ಟಿಮೇಟ್ ಎಡಿಷನ್‌ಗೆ 89.99 ಡಾಲರ್. ಹೆಚ್ಚುವರಿ ನಲವತ್ತು ಡಾಲರಿನ ಬಹುಪಾಲು ‘ಎಕ್ಸ್‌ಪ್ಯಾನ್ಶನ್ ಪಾಸ್’ ಎಂಬ ಹೆಸರಿನ ಸೀಸನ್ ಪಾಸ್‌ಗಾಗಿ. ಕಡಲತೀರದ ಮನೆಗಳ ‘ಬೀಚ್ ಪ್ರಾಪರ್ಟೀಸ್’, ಕಟ್ಟಡಗಳ ಎರಡು ಪ್ಯಾಕ್, ಮೂರು ರೇಡಿಯೊ ಸ್ಟೇಷನ್, ಜೊತೆಗೆ ‘ಬ್ರಿಡ್ಜಸ್ ಆ್ಯಂಡ್ ಪೋರ್ಟ್ಸ್’ ಎಂಬ ದೊಡ್ಡ ವಿಸ್ತರಣೆ ಅದರಲ್ಲಿರಬೇಕಿತ್ತು. ಮೂಲ ಗೇಮ್ ನಿಧಾನವಾಗಿ ಓಡುತ್ತಿದ್ದುದರಿಂದ ತಯಾರಕರು ಅದರ ದುರಸ್ತಿಗೆ ಇಳಿಯಬೇಕಾಯಿತು, ಪಾಸ್‌ನ ಸರಕುಗಳು ಹಿಂದೆ ಬಿದ್ದವು. 2024ರ ಮಾರ್ಚ್‌ನಲ್ಲಿ ಬೀಚ್ ಪ್ರಾಪರ್ಟೀಸ್ ಬಂದಾಗ ಅದರಲ್ಲಿದ್ದದ್ದು ಬಹಳ ಕಡಿಮೆ ಎಂದು ಆಟಗಾರರು ಕಟುವಾಗಿ ದೂರಿದರು. ಏಪ್ರಿಲ್‌ನಲ್ಲಿ ತಯಾರಕ ಸಂಸ್ಥೆ ಕೊಲೋಸಲ್ ಆರ್ಡರ್ ಮತ್ತು ಪ್ರಕಾಶಕ ಸಂಸ್ಥೆ ಪ್ಯಾರಡಾಕ್ಸ್ ಬಹಿರಂಗವಾಗಿ ಕ್ಷಮೆ ಕೇಳಿ, ಅದನ್ನು ಎಲ್ಲರಿಗೂ ಉಚಿತ ಮಾಡಿದವು. ಬ್ರಿಡ್ಜಸ್ ಆ್ಯಂಡ್ ಪೋರ್ಟ್ಸ್ ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಬಂತು.

ಈ ಪ್ರಕರಣದಲ್ಲಿ ಗಮನಿಸಬೇಕಾದ್ದು ಹಣ ಯಾರಿಗೆ ಮರಳಿತು ಎಂಬುದು. ಬೀಚ್ ಪ್ರಾಪರ್ಟೀಸನ್ನು ಬಿಡಿಯಾಗಿ ಕೊಂಡವರಿಗೆ ರೀಫಂಡ್ ಘೋಷಿಸಲಾಯಿತು. ಅಲ್ಟಿಮೇಟ್ ಎಡಿಷನ್ ಕೊಂಡವರಿಗೆ ಅದು ಸಾಧ್ಯವಿಲ್ಲ ಎಂದು ತಿಳಿಸಿ, ಬದಲಿಗೆ ಇನ್ನೂ ಮೂರು ಕಟ್ಟಡ ಪ್ಯಾಕ್‌ ಮತ್ತು ಮೂರು ರೇಡಿಯೊ ಸ್ಟೇಷನ್‌ ಕೊಡುವುದಾಗಿ ಹೇಳಲಾಯಿತು. ಹೆಚ್ಚು ನಂಬಿ, ಹೆಚ್ಚು ಹಣ ಮೊದಲೇ ಕೊಟ್ಟವರಿಗೇ ಹಣದ ಬದಲು ಇನ್ನಷ್ಟು ಸರಕು ಸಿಕ್ಕಿತು. ಕಟ್ಟುಕಟ್ಟಾಗಿ ಕೊಂಡದ್ದರಿಂದ ಒಂದು ಭಾಗವನ್ನು ಮಾತ್ರ ಬಿಡಿಸಿ ಹಿಂದಿರುಗಿಸುವುದು ಕಷ್ಟ. ಅಲ್ಟಿಮೇಟ್ ಎಡಿಷನ್‌ಗಳ ಅತಿ ದೊಡ್ಡ ದೌರ್ಬಲ್ಯ ಇದು.

ಇಂಥ ದೂರುಗಳು ಹೆಚ್ಚಿದ ಮೇಲೆ, 2024ರ ನವೆಂಬರ್‌ನಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಸೀಸನ್ ಪಾಸ್ ಮಾರುವವರಿಗೆ ಸ್ಪಷ್ಟ ನಿಯಮ ಬರೆದಿಟ್ಟಿತು. ಪಾಸ್‌ನಲ್ಲಿ ಬರುವ ಡಿಎಲ್‌ಸಿಗಳ ಪಟ್ಟಿ, ಪ್ರತಿಯೊಂದರ ವಿವರ, ಅದು ಸುಮಾರು ಯಾವಾಗ ಬರುತ್ತದೆ ಎಂಬುದು ಪುಟದಲ್ಲಿರಬೇಕು. ತಡವಾದರೆ ಒಮ್ಮೆ ಮಾತ್ರ, ಮೂರು ತಿಂಗಳವರೆಗೆ ಮುಂದೂಡಬಹುದು. ಬರಬೇಕಾದದ್ದನ್ನು ಕೈಬಿಟ್ಟರೆ ಅದರ ಮೌಲ್ಯವನ್ನು ಕೊಂಡವರಿಗೆ ಮರಳಿಸಲು ಮುಂದಾಗಬೇಕು. ಇದು ಸ್ಟೀಮ್‌ನ ನಿಯಮ, ಬೇರೆ ಅಂಗಡಿಗಳಿಗೆ ಅನ್ವಯಿಸದು. ಪಟ್ಟಿಯಲ್ಲಿ ಇಲ್ಲದ್ದು ಪಾಸ್‌ಗೆ ಸೇರಿಲ್ಲವೆಂದೇ ತಿಳಿಯಬೇಕು. ಮೊದಲ ಸೀಸನ್ ಮುಗಿದ ಮೇಲೆ ಬರುವ ವಿಸ್ತರಣೆಗೆ ಮತ್ತೆ ಹಣ ಕೊಡಬೇಕಾಗುತ್ತದೆ, ಎರಡನೇ ವರ್ಷದ ಪಾಸ್ ಬೇರೆಯೇ ಇರುತ್ತದೆ.

ಅರ್ಲಿ ಆ್ಯಕ್ಸೆಸ್‌ನ ತರ್ಕ ಇದಕ್ಕೆ ಪೂರ್ತಿ ವಿರುದ್ಧ. ಸ್ಟೀಮ್‌ನಲ್ಲಿ ಈ ವಿಭಾಗ ಶುರುವಾದದ್ದು 2013ರ ಮಾರ್ಚ್‌ನಲ್ಲಿ. ತಯಾರಾಗುತ್ತಿರುವ ಗೇಮ್ ಅನ್ನು ಹಣ ಕೊಟ್ಟು ಕೊಂಡು ಅಂದೇ ಆಡಬಹುದು, ಮುಂದಿನ ಅಪ್‌ಡೇಟ್‌ಗಳು ಉಚಿತವಾಗಿ ಬರುತ್ತವೆ. ಆದರೆ ಮುಂದೆ ಏನು ಬರುತ್ತದೆ ಎಂಬುದರ ಬಗ್ಗೆ ನಿರ್ದಿಷ್ಟ ಭರವಸೆ ಕೊಡಬಾರದೆಂದು ವಾಲ್ವ್ ತಯಾರಕರಿಗೇ ಹೇಳುತ್ತದೆ. ಗೇಮ್ ಅಪೂರ್ಣವಾಗಿದೆ, ಮುಂದೆ ಬದಲಾಗಬಹುದು ಅಥವಾ ಬದಲಾಗದೆಯೂ ಇರಬಹುದು ಎಂಬ ಎಚ್ಚರಿಕೆಯನ್ನು ಅಂಗಡಿಯ ಪುಟದಲ್ಲೇ ಹಾಕುತ್ತದೆ. ಸೀಸನ್ ಪಾಸ್‌ಗೆ ಭರವಸೆಯೇ ಆಧಾರ; ಇಲ್ಲಿ ಭರವಸೆಯನ್ನು ಎಣಿಕೆಗೆ ತೆಗೆದುಕೊಳ್ಳದೆ, ಇಂದು ಇರುವ ಗೇಮ್ ಇಂದಿನ ಬೆಲೆಗೆ ಸಾಟಿಯೇ ಎಂದಷ್ಟೇ ನೋಡಬೇಕು.

ಅರ್ಲಿ ಆ್ಯಕ್ಸೆಸ್ ಎಂದರೆ ಅಗ್ಗ ಎಂಬ ಅನಿಸಿಕೆ ಎಲ್ಲ ಕಡೆ ನಿಜವಲ್ಲ. ‘ಹೇಡೀಸ್’ 19.99 ಡಾಲರಿಗೆ ಶುರುವಾಗಿ ಆಮೇಲೆ 24.99 ಡಾಲರಿಗೆ ಏರಿತು, 2020ರಲ್ಲಿ ಪೂರ್ಣಗೊಂಡಿತು. ಮೊದಲು ಕೊಂಡವರಿಗೆ ಐದು ಡಾಲರ್ ಉಳಿಯಿತು, ಮುಗಿದ ಗೇಮ್ ಕೂಡ ಸಿಕ್ಕಿತು. ‘ಬಾಲ್ಡರ್ಸ್ ಗೇಟ್ 3’ ಮಾತ್ರ 2020ರ ಅಕ್ಟೋಬರ್‌ನಲ್ಲೇ ಪೂರ್ಣ ಬೆಲೆಯಾದ 59.99 ಡಾಲರಿಗೆ ಮಾರಾಟಕ್ಕೆ ಬಂತು. ಆಗ ಅದರಲ್ಲಿದ್ದದ್ದು ಕಥೆಯ ಮೊದಲ ಅಂಕವಷ್ಟೆ. ಉಳಿದದ್ದು ಕೈಗೆ ಬರಲು 2023ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ರಾಕೆಟ್ ಕಟ್ಟಿ ಹಾರಿಸುವ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ನ ಎರಡು ಭಾಗಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ವ್ಯವಸ್ಥೆಯ ಎರಡು ಮುಖಗಳೂ ಕಾಣುತ್ತವೆ. ಮೊದಲ ಭಾಗ ಸ್ಟೀಮ್‌ನ ಆರಂಭದ ಅರ್ಲಿ ಆ್ಯಕ್ಸೆಸ್ ಗೇಮ್‌ಗಳಲ್ಲೊಂದು, 2015ರಲ್ಲಿ ಯಶಸ್ವಿಯಾಗಿ ಪೂರ್ಣಗೊಂಡಿತು. ನಡುವೆ, 2013ರಲ್ಲಿ ಒಂದು ವಿವಾದ ಎದ್ದಿತ್ತು. ಮುಂದಿನ ಅಪ್‌ಡೇಟ್‌ಗಳೆಲ್ಲ ಉಚಿತ ಎಂದು ನಂಬಿ ಕೊಂಡವರು, ಮುಂದೆ ಬರುವ ವಿಸ್ತರಣೆಗೂ ಬೇರೆ ಹಣ ಕೊಡಬೇಕೇ ಎಂದು ಕೇಳಿದರು. ಆ ವರ್ಷದ ಏಪ್ರಿಲ್ ಮುಗಿಯುವುದರೊಳಗೆ ಕೊಂಡವರಿಗೆ ವಿಸ್ತರಣೆಗಳು ಉಚಿತ ಎಂದು ತಯಾರಕರು ಒಪ್ಪಿದರು, 2018ರಲ್ಲಿ ಮೊದಲ ವಿಸ್ತರಣೆ ಬಂದಾಗ ಮಾತು ಉಳಿಸಿಕೊಂಡರು. ಇದು ಅಪರೂಪದ ಔದಾರ್ಯ. ಸಾಮಾನ್ಯವಾಗಿ ಅರ್ಲಿ ಆ್ಯಕ್ಸೆಸ್ ಬೆಲೆಯಲ್ಲಿ ಪೂರ್ಣ ಗೇಮ್‌ವರೆಗಿನ ಅಪ್‌ಡೇಟ್‌ಗಳು ಸೇರುತ್ತವೆ, ಆಮೇಲಿನ ಡಿಎಲ್‌ಸಿ ಸೇರುವುದಿಲ್ಲ.

ಎರಡನೇ ಭಾಗ 2023ರ ಫೆಬ್ರುವರಿಯಲ್ಲಿ 49.99 ಡಾಲರಿಗೆ ಅರ್ಲಿ ಆ್ಯಕ್ಸೆಸ್‌ಗೆ ಬಂತು. ಮುಂದೆ ವಿಜ್ಞಾನ ಪ್ರಯೋಗ, ಬೇರೆ ಗ್ರಹಗಳಲ್ಲಿ ವಸಾಹತು, ಬೇರೆ ನಕ್ಷತ್ರಗಳಿಗೆ ಪಯಣ, ಹಲವರು ಸೇರಿ ಆಡುವ ಅವಕಾಶ ಒಂದರ ನಂತರ ಒಂದು ಬರಲಿವೆ ಎಂಬ ನಕ್ಷೆ ತೋರಿಸಲಾಗಿತ್ತು. ಆ ಡಿಸೆಂಬರ್‌ನಲ್ಲಿ ವಿಜ್ಞಾನದ ಭಾಗ ಬಂತು. 2024ರಲ್ಲಿ ಅದನ್ನು ಕಟ್ಟುತ್ತಿದ್ದ ಸ್ಟುಡಿಯೊದ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಯಿತು. ವಸಾಹತು ಬರಲಿಲ್ಲ, ಅದರ ನಂತರದ್ದೂ ಬರಲಿಲ್ಲ. ನಿಯಮದ ಪ್ರಕಾರ ಕೊಂಡವರಿಗೆ ಸಿಗಬೇಕಾದ್ದು ಅವರು ಕೊಂಡ ದಿನ ಇದ್ದ ಗೇಮ್ ಮಾತ್ರ, ಅದು ಸಿಕ್ಕಿತ್ತು. ಈ ಲೆಕ್ಕ ಕಾನೂನಿಗೆ ಸರಿಹೋದರೂ ಆಟಗಾರರಿಗೆ ಆದ ನಷ್ಟ ದೊಡ್ಡದು.

ಕೆಲಸ ನಿಂತ ಗೇಮ್ ಅನ್ನು ಗುರುತಿಸಲು ಪುಟದಲ್ಲಿರುವ ಅಪ್‌ಡೇಟ್‌ಗಳ ದಿನಾಂಕ ನೋಡುವುದು ಉತ್ತಮ. 2025ರಿಂದ, ಬಹಳ ಕಾಲ ಅಪ್‌ಡೇಟ್ ಆಗದ ಅರ್ಲಿ ಆ್ಯಕ್ಸೆಸ್ ಗೇಮ್‌ಗಳ ಮೇಲೆ ಕೊನೆಯ ಬದಲಾವಣೆ ಆಗಿ ಎಷ್ಟು ತಿಂಗಳಾಯಿತು ಎಂಬ ಸೂಚನೆಯನ್ನು ಸ್ಟೀಮ್ ತಾನೇ ಹಾಕುತ್ತದೆ. ಪೂರ್ಣಗೊಂಡ ಮೇಲೆ ಬೆಲೆ ಏರುವುದೇ ಎಂಬ ಪ್ರಶ್ನೆಗೂ ತಯಾರಕರ ಉತ್ತರ ಅದೇ ಪುಟದಲ್ಲಿರುತ್ತದೆ.

ಇದೇ ಹೆಸರನ್ನು ಹೋಲುವ ಇನ್ನೊಂದು ಮಾರಾಟವಿದೆ. ದುಬಾರಿ ಎಡಿಷನ್ ಕೊಂಡವರಿಗೆ ಮುಗಿದ ಗೇಮ್ ಅನ್ನೇ ಕೆಲವು ದಿನ ಮುಂಚೆ ಆಡಲು ಬಿಡುವುದು ಅದರ ರೀತಿ. ಜಾಹೀರಾತುಗಳು ಇದನ್ನೂ ಅರ್ಲಿ ಆ್ಯಕ್ಸೆಸ್ ಎನ್ನುತ್ತವೆ, ಸ್ಟೀಮ್ ಇದನ್ನು ಅಡ್ವಾನ್ಸ್ಡ್ ಆ್ಯಕ್ಸೆಸ್ ಎನ್ನುತ್ತದೆ. 2023ರ ‘ಸ್ಟಾರ್‌ಫೀಲ್ಡ್’ನಲ್ಲಿ ಬರೀ ಗೇಮ್ 69.99 ಡಾಲರ್, ಪ್ರೀಮಿಯಂ ಎಡಿಷನ್ 99.99 ಡಾಲರ್. ಹೆಚ್ಚುವರಿ ಮೂವತ್ತು ಡಾಲರಿಗೆ ಐದು ದಿನ ಮುಂಚಿನ ಆಟ, ಅಲಂಕಾರದ ಕೆಲವು ವಸ್ತುಗಳು, ಚಿತ್ರ ಮತ್ತು ಸಂಗೀತದ ಸಂಗ್ರಹ, ಮುಂದೆ ಬರುವ ಮೊದಲ ಕಥಾ ವಿಸ್ತರಣೆ ಸಿಗುತ್ತಿದ್ದವು. ಆ ವಿಸ್ತರಣೆಯಾದ ‘ಶ್ಯಾಟರ್ಡ್ ಸ್ಪೇಸ್’ ಒಂದು ವರ್ಷದ ನಂತರ, 2024ರ ಸೆಪ್ಟೆಂಬರ್ 30ರಂದು, ಬಿಡಿಯಾಗಿ 29.99 ಡಾಲರಿಗೆ ಬಂತು. ಕಾದು ಕೊಂಡವರು ವಿಸ್ತರಣೆಗೆ ಕೊಟ್ಟದ್ದು ಅಷ್ಟೇ ಹಣ. ಬೇಡವೆನಿಸಿದವರು ಕೊಳ್ಳದೆ ಬಿಡುವ ಹಕ್ಕನ್ನೂ ಉಳಿಸಿಕೊಂಡಿದ್ದರು. ವರ್ಷ ಮೊದಲೇ ಕೊಟ್ಟವರಿಗೆ ಹೆಚ್ಚಾಗಿ ದಕ್ಕಿದ್ದು ಮುಖ್ಯವಾಗಿ ಆ ಐದು ದಿನಗಳು.

ಭಾರತದಲ್ಲಿ ಸ್ಟೀಮ್ ಬೆಲೆಗಳು ರೂಪಾಯಿಯಲ್ಲಿ ಬೇರೆಯಾಗಿ ನಿಗದಿಯಾಗುತ್ತವೆ, ಆದ್ದರಿಂದ ಮೇಲಿನ ಡಾಲರ್ ಲೆಕ್ಕವನ್ನು ನೇರವಾಗಿ ಗುಣಿಸಿದರೆ ಇಲ್ಲಿನ ಬೆಲೆ ಬರುವುದಿಲ್ಲ. ರೀಫಂಡ್ ನಿಯಮ ಮಾತ್ರ ಇಲ್ಲಿಗೂ ಅದೇ. ಕೊಂಡು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಡಿಎಲ್‌ಸಿಗೆ ಈ ಎರಡು ಗಂಟೆಯನ್ನು ಅದನ್ನು ಕೊಂಡ ನಂತರ ಮೂಲ ಗೇಮ್ ಆಡಿದ ಹೊತ್ತಿನಿಂದ ಎಣಿಸುತ್ತಾರೆ. ಅರ್ಲಿ ಆ್ಯಕ್ಸೆಸ್‌ನಲ್ಲಿ ಆಡಿದ ಸಮಯವೂ ಲೆಕ್ಕಕ್ಕೆ ಬರುತ್ತದೆ. 2024ರ ಏಪ್ರಿಲ್‌ನಿಂದ ಅಡ್ವಾನ್ಸ್ಡ್ ಆ್ಯಕ್ಸೆಸ್‌ನ ಸಮಯವನ್ನೂ ಸೇರಿಸಲಾಗಿದೆ. ಅರ್ಲಿ ಆ್ಯಕ್ಸೆಸ್‌ನಲ್ಲಿ ಹತ್ತಾರು ಗಂಟೆ ಆಡಿ, ಎರಡು ವರ್ಷದ ನಂತರ ಗೇಮ್ ಕೈಬಿಟ್ಟ ಸುದ್ದಿ ಬಂದಾಗ ಹಣ ಕೇಳಲು ಈ ನಿಯಮದಲ್ಲಿ ದಾರಿಯಿಲ್ಲ.