ಕರೆಂಟ್ ಹೋದಾಗ ಜಾರಿದ ಸ್ಪಿಂಡಲ್

ಪೀಣ್ಯದ ಸಣ್ಣ ಶೆಡ್ಡೊಂದರಲ್ಲಿ ಮರ ಕೆತ್ತುವ ಸಿಎನ್‌ಸಿ ಯಂತ್ರ ನೋಡುತ್ತ ನಿಂತಿದ್ದೆ. ಕರೆಂಟ್ ಹೋಯಿತು. 15 ಕಿಲೋ ತೂಕದ ಸ್ಪಿಂಡಲ್ ಮೆಲ್ಲಗೆ ಜಾರಿ, ಕಟ್ಟರಿನ ತುದಿಯನ್ನು ತೇಗದ ಹಲಗೆಗೆ ಒತ್ತಿಕೊಂಡು ನಿಂತಿತು. ಮಾಲೀಕರು ಹಿಂದಿನ ತಿಂಗಳಷ್ಟೇ ಲೀಡ್ ಸ್ಕ್ರೂ ತೆಗೆಸಿ ಬಾಲ್ ಸ್ಕ್ರೂ ಹಾಕಿಸಿದ್ದರು. “ಹಳೇದು ಒಂದು ದಿನವೂ ಹೀಗೆ ಇಳಿದಿರಲಿಲ್ಲ ಸಾರ್” ಎಂದರು.

ಇಳಿಯುತ್ತಿರಲಿಲ್ಲ, ನಿಜ. ಸ್ಕ್ರೂವಿನ ಥ್ರೆಡ್ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಅವರ ಹಳೆಯ 16 ಮಿ.ಮೀ. ಲೀಡ್ ಸ್ಕ್ರೂವಿನ ಒಂದು ಸುತ್ತನ್ನು ಬಿಡಿಸಿ ಹಾಸಿದರೆ ಸುಮಾರು 44 ಮಿ.ಮೀ. ಉದ್ದಕ್ಕೆ 4 ಮಿ.ಮೀ. ಏರು. ಅಂದರೆ ಇಳಿಜಾರು 0.09. ಉಕ್ಕಿನ ಮೇಲೆ ಉಜ್ಜುವ ಕಂಚಿನ ನಟ್ಟಿನ ಘರ್ಷಣೆ ಸುಮಾರು 0.15. ಇಳಿಜಾರಿಗಿಂತ ಘರ್ಷಣೆ ಹೆಚ್ಚಿರುವುದರಿಂದ ಭಾರ ತಾನಾಗಿ ಜಾರುವುದಿಲ್ಲ. ಕಾರಿನ ಸ್ಕ್ರೂ ಜಾಕ್ ನಿಲ್ಲುವುದೂ ಹೀಗೆಯೇ. ಆದರೆ ಅದೇ ಘರ್ಷಣೆ ಮೋಟರಿನ ಶ್ರಮವನ್ನೂ ತಿನ್ನುತ್ತದೆ. ಈ ಸ್ಕ್ರೂವಿನ ದಕ್ಷತೆ ಶೇ 36ರ ಆಸುಪಾಸು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹೀಗೆ ತಾನೇ ಹಿಡಿದು ನಿಲ್ಲುವ ಸ್ಕ್ರೂವಿನ ದಕ್ಷತೆ ಅರ್ಧಕ್ಕಿಂತ ಕಡಿಮೆಯೇ ಇರುತ್ತದೆ.

ಬಾಲ್ ಸ್ಕ್ರೂವಿನಲ್ಲಿ ನಟ್ಟಿಗೂ ಥ್ರೆಡ್ಡಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ದಕ್ಷತೆ ಶೇ 90ರಷ್ಟು. ಮೋಟರ್ ಸುಲಭವಾಗಿ ಭಾರ ಎತ್ತುತ್ತದೆ, ಭಾರವೂ ಅಷ್ಟೇ ಸುಲಭವಾಗಿ ಮೋಟರನ್ನು ಹಿಂದಕ್ಕೆ ತಿರುಗಿಸುತ್ತದೆ. ಲೀಡ್ ಸ್ಕ್ರೂ ಎಂದಾಕ್ಷಣವೂ ನಿಶ್ಚಿಂತೆಯಿಲ್ಲ: ಒಂದು ಸುತ್ತಿಗೆ 8 ಮಿ.ಮೀ. ಸರಿಯುವ, 3ಡಿ ಪ್ರಿಂಟರುಗಳಲ್ಲಿ ಕಾಣುವ 8 ಮಿ.ಮೀ. ಸ್ಕ್ರೂವಿನ ಇಳಿಜಾರು 0.36. ಭಾರ ಸಾಕಷ್ಟಿದ್ದರೆ ಅದೂ ಜಾರುತ್ತದೆ. ಕಂಪನ ಮತ್ತು ಹೊಸ ಗ್ರೀಸ್ ಕೂಡ ಹಿಡಿತ ಸಡಿಲಿಸುತ್ತವೆ.

ವೇಗದ ಮಿತಿ ಬೇರೆಯೇ ಮಾತು. ಮಾಲೀಕರು ಉದ್ದದ ಅಕ್ಷಕ್ಕೂ ಬಾಲ್ ಸ್ಕ್ರೂ ಹಾಕಿಸಿ ವೇಗ ಹೆಚ್ಚಿಸಬೇಕೆಂದಿದ್ದರು. ಉದ್ದನೆಯ ಸ್ಕ್ರೂ ಒಂದು ವೇಗ ಮುಟ್ಟಿದರೆ ಹಗ್ಗದಾಟದ ಹಗ್ಗದಂತೆ ನಡುವೆ ಬಾಗಿ ಸುತ್ತತೊಡಗುತ್ತದೆ. ಅದೇ ಕ್ರಿಟಿಕಲ್ ಸ್ಪೀಡ್. ಅದನ್ನು ಗುಂಡುಗಳು ನಿರ್ಧರಿಸುವುದಿಲ್ಲ. ಸ್ಕ್ರೂವಿನ ದಪ್ಪ, ಆಧಾರವಿಲ್ಲದ ಉದ್ದ, ತುದಿಗಳ ಬೇರಿಂಗ್ ನಿರ್ಧರಿಸುತ್ತವೆ. ಉದ್ದ ಎರಡರಷ್ಟಾದರೆ ಮಿತಿ ಕಾಲುಭಾಗಕ್ಕೆ ಇಳಿಯುತ್ತದೆ. ಒಂದು ತುದಿ ಬಿಗಿಯಾಗಿ, ಇನ್ನೊಂದು ಬರೀ ಬೇರಿಂಗಿನಲ್ಲಿ ಕೂತ 16 ಮಿ.ಮೀ. ಬಾಲ್ ಸ್ಕ್ರೂವನ್ನು ಒಂದು ಮೀಟರ್ ಉದ್ದದಲ್ಲಿ ನಿಮಿಷಕ್ಕೆ ಸುಮಾರು 2000 ಸುತ್ತಿನವರೆಗೆ ಓಡಿಸಬಹುದು; ಒಂದೂವರೆ ಮೀಟರಾದರೆ 900ಕ್ಕೂ ಕಡಿಮೆ. ಒಂದು ವೇಗದಲ್ಲಿ ಮಾತ್ರ ಯಂತ್ರ ಅದುರಿ, ವೇಗ ಇಳಿಸಿದೊಡನೆ ಶಾಂತವಾದರೆ, ಸ್ಕ್ರೂವಿನ ನಡುಭಾಗ ಮಸುಕಾಗಿ ಉಬ್ಬಿದಂತೆ ಕಂಡರೆ ಇದೇ ಕಾರಣವಿರಬಹುದು. ದೊಡ್ಡ ಮೋಟರ್ ಹಾಕಿ ಪ್ರಯೋಜನವಿಲ್ಲ. ದಪ್ಪ ಸ್ಕ್ರೂ ಬೇಕು, ಇಲ್ಲವೇ ಸುತ್ತಿಗೆ ಹೆಚ್ಚು ದೂರ ಸರಿಯುವ ಸ್ಕ್ರೂ.

ಸ್ಪಿಂಡಲ್ಲಿಗೆ ಬ್ರೇಕ್ ಇರುವ ಮೋಟರ್ ಹಾಕಿಸಿದ ಮೇಲೆ ಆ ಶೆಡ್ಡಿನಲ್ಲಿ ಜಾರುವುದು ನಿಂತಿತು. ಮೇಲೆ ಕೆಳಗೆ ಚಲಿಸುವ ಭಾರಕ್ಕೆ ಬಾಲ್ ಸ್ಕ್ರೂ ಕೊಳ್ಳುವವರು ಬ್ರೇಕಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.