ಪುಸ್ತಕವನ್ನು ಮಗುಚಿದ ಸನ್ಯಾಸಿಗಳು

ಹದಿಮೂರನೆಯ ಶತಮಾನದ ಪ್ಯಾರಿಸ್. ಸೇಂಟ್ ಜಾಕ್ ಮಠದ ಡೊಮಿನಿಕನ್ ಸನ್ಯಾಸಿಗಳು ಹ್ಯೂ ಎಂಬ ಗುರುವಿನ ಮುಂದಾಳತ್ವದಲ್ಲಿ ಲ್ಯಾಟಿನ್ ಬೈಬಲ್ಲಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಕುಳಿತರು. ಪ್ರತಿ ಪದದ ಮುಂದೆ ಅದು ಬರುವ ಜಾಗಗಳೆಲ್ಲ. ಆಗಿನ್ನೂ ವಾಕ್ಯಗಳಿಗೆ ಸಂಖ್ಯೆ ಇರಲಿಲ್ಲ. ಹಾಗಾಗಿ ಅಧ್ಯಾಯವನ್ನು ಏಳು ಪಾಲು ಮಾಡಿ, ಒಂದೊಂದಕ್ಕೂ ಒಂದು ಅಕ್ಷರ ಕೊಟ್ಟರು. ಪುಟ ತೆರೆದರೆ ಪದ ಸಿಗುವುದು ಪುಸ್ತಕ. ಪದ ಹಿಡಿದರೆ ಪುಟ ಸಿಗುವುದು ಅವರ ಪಟ್ಟಿ. ಇಂದು ಕಂಪ್ಯೂಟರಿನವರು ಇನ್ವರ್ಟೆಡ್ ಇಂಡೆಕ್ಸ್ ಎನ್ನುವುದೂ ಇದನ್ನೇ.

ಡೇಟಾಬೇಸುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಇಂಡೆಕ್ಸ್ ಬೇರೆ. ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿ 1970ರ ಹೊತ್ತಿಗೆ ರುಡಾಲ್ಫ್ ಬೇಯರ್, ಎಡ್ವರ್ಡ್ ಮೆಕ್ರೈಟ್ ರೂಪಿಸಿದ ಬಿ-ಟ್ರೀ ಅದು. ಅದು ಮೌಲ್ಯಗಳನ್ನು ಇಡಿಯಾಗಿ, ನಿಘಂಟಿನಂತೆ ಸಾಲಾಗಿ ಇಡುತ್ತದೆ. ನಿಘಂಟಿನಲ್ಲಿ ‘ಬೇಟೆ’ಯಿಂದ ಶುರುವಾಗುವ ಪದಗಳು ಕ್ಷಣದಲ್ಲಿ ಸಿಗುತ್ತವೆ. ಬೇಟೆಗಾರ, ಹಾಡುಗಾರ, ಸಾಲಗಾರ ಎಂದು ‘ಗಾರ’ದಲ್ಲಿ ಮುಗಿಯುವವು ಬೇಕೆಂದರೆ ಪುಟಪುಟವನ್ನೂ ಮಗುಚಬೇಕು. ಬಿ-ಟ್ರೀಗೆ ಇಡೀ ಲೇಖನವೂ ಒಂದು ಉದ್ದನೆಯ ಮೌಲ್ಯ ಅಷ್ಟೇ. ಅದರ ನಡುವೆ ಅಡಗಿದ ‘ಮಳೆ’ಯನ್ನು `LIKE '%ಮಳೆ%'` ಎಂದು ಕೇಳಿದರೆ ಸಾಲಿನ ಕ್ರಮ ಕೆಲಸಕ್ಕೆ ಬಾರದು.

ಮೂರು ಸುದ್ದಿಗಳಿವೆ ಎನ್ನೋಣ. 1: ‘ಮಳೆ ಬಂತು, ಕೆರೆ ತುಂಬಿತು’. 2: ‘ಕೆರೆ ಏರಿ ಒಡೆಯಿತು’. 3: ‘ಮಳೆ ಬಂದರೂ ಕೆರೆ ಬತ್ತಿತು’. ಮಗುಚಿ ಬರೆದರೆ:

```
ಮಳೆ → 1, 3
ಕೆರೆ → 1, 2, 3
```

ಎರಡೂ ಪದ ಇರುವ ಸುದ್ದಿ ಬೇಕೇ? ಎರಡು ಪಟ್ಟಿಯ ಮೇಲೂ ಒಂದೊಂದು ಬೆರಳಿಡಿ. 1ಕ್ಕೆ 1 ಕೂಡಿತು. ಮುಂದೆ 3 ಮತ್ತು 2. ಚಿಕ್ಕದರ ಬೆರಳನ್ನು ಸರಿಸಿದರೆ 3ಕ್ಕೆ 3. ಸುದ್ದಿಗಳನ್ನು ತೆರೆಯದೆಯೇ ಉತ್ತರ ಬಂತು. ಪಟ್ಟಿಗಳು ಏರಿಕೆಯ ಕ್ರಮದಲ್ಲಿದ್ದುದರಿಂದ ಬೆರಳು ಹಿಂದೆ ಹೋಗಬೇಕಾಗಲಿಲ್ಲ.

ಇದರ ಬೆಲೆ ತೆರುವುದು ಬರೆಯುವಾಗ. ಹೊಸ ಲೇಖನಕ್ಕೆ ಬಿ-ಟ್ರೀಯಲ್ಲಿ ಒಂದು ನಮೂದು ಸಾಕು. ಇನ್ವರ್ಟೆಡ್ ಇಂಡೆಕ್ಸಿನಲ್ಲಾದರೆ, ಲೇಖನದಲ್ಲಿ 200 ಬೇರೆ ಬೇರೆ ಪದಗಳಿದ್ದರೆ 200 ಪಟ್ಟಿಗಳನ್ನು ಮುಟ್ಟಬೇಕು. ಒಲೆಗ್ ಬಾರ್ತುನೊವ್, ತಿಯೊದೊರ್ ಸಿಗಾಯೆವ್ ಬರೆದ, 2006ರಲ್ಲಿ ಪೋಸ್ಟ್‌ಗ್ರೆಸ್‌ಗೆ ಸೇರಿದ ‘ಜಿನ್’ ಇಂಡೆಕ್ಸ್ ಇದಕ್ಕೆ ಮುಂದೆ ಒಂದು ಉಪಾಯ ಕಂಡುಕೊಂಡಿತು: ಹೊಸ ನಮೂದುಗಳನ್ನು ಮೊದಲು ಒಂದು ಬಾಕಿ ಪಟ್ಟಿಗೆ ಹಾಕಿ, ಆಮೇಲೆ ಒಟ್ಟಿಗೆ ಸೇರಿಸುವುದು. ಬಾಕಿ ಬೆಳೆದರೆ ಪ್ರತಿ ಹುಡುಕಾಟವೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ರಾಶಿ ಲೇಖನ ಏರಿಸಿದ ಮೇಲೆ ಹುಡುಕಾಟ ನಿಧಾನವಾಗಿ, `VACUUM` ಓಡಿಸಿದೊಡನೆ ಚುರುಕಾದರೆ ಕಾರಣ ಇದೇ ಇರಬಹುದು. ಅಂದಹಾಗೆ, ಜಿನ್ ತನ್ನ ಪದಗಳನ್ನು ಜೋಡಿಸಿಟ್ಟುಕೊಳ್ಳುವುದು ಒಂದು ಬಿ-ಟ್ರೀಯಲ್ಲೇ. ಬಿಡಿ ಪದಗಳಿಗೆ ನಿಘಂಟಿನ ಕ್ರಮಕ್ಕಿಂತ ಒಳ್ಳೆಯದು ಏನಿದೆ?

ಕನ್ನಡದಲ್ಲಿ ಇನ್ನೊಂದು ತೊಡಕು. ‘ಕೆರೆಗೆ’, ‘ಕೆರೆಯಲ್ಲಿ’ ಇಂಡೆಕ್ಸಿಗೆ ಬೇರೆಯೇ ಪದಗಳು. ‘ಕೆರೆ’ ಎಂದು ಹುಡುಕಿದವರಿಗೆ ಅವು ಸಿಗವು. ಪಟ್ಟಿಗೆ ಸೇರಿಸುವ ಮೊದಲೇ ವಿಭಕ್ತಿ ಕಳಚಬೇಕು, ಹುಡುಕುವ ಪದಕ್ಕೂ ಅದೇ ನಿಯಮ ಹಚ್ಚಬೇಕು. ಕಳಚುವ ನಿಯಮ ಒರಟಾದರೆ ‘ಕಾಡಿಗೆ’ ಎಂಬುದು ‘ಕಾಡು’ ಆಗಿ, ಅರಣ್ಯದ ಸುದ್ದಿ ಹುಡುಕಿದವರ ಮುಂದೆ ಕಣ್ಣಿಗೆ ಹಚ್ಚುವ ಕಪ್ಪು ಬಂದು ನಿಲ್ಲುತ್ತದೆ.